ಇನ್ನು ಮೇಲೆ ಫೋನ್ ಮಾಡಬೇಕಾದ್ದು ಯಾರಿಗೆ?

ಆಡಿಟರ್ ಆಫೀಸಿನಲ್ಲಿ ತನ್ನ ಜಿಎಸ್‌ಟಿ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದಾನೆ ಎಂಬುದು ವ್ಯಾಪಾರಿಗೆ ಗೊತ್ತಾಗುವುದು ಹೆಚ್ಚಾಗಿ ತಿಂಗಳ 19ನೇ ತಾರೀಖು ಸಂಜೆ. ಮರುದಿನ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಇವರು ಫೋನ್ ಮಾಡುತ್ತಾರೆ, ಅತ್ತ ಕಡೆಯವನು ‘ಸಾರ್, ನಾನು ಅಲ್ಲಿ ಬಿಟ್ಟು ಹದಿನೈದು ದಿನ ಆಯ್ತು, ಆಫೀಸಿಗೇ ಕೇಳಿ’ ಎನ್ನುತ್ತಾನೆ. ಆಫೀಸಿಗೆ ಮಾಡಿದರೆ ಕೇಳಿರದ ದನಿಯೊಂದು ‘ನಿಮ್ಮ ಫೈಲ್ ಯಾವುದು ಸಾರ್?’ ಎಂದು ವಿಚಾರಿಸುತ್ತದೆ. ಗಡುವು ದಾಟಿದರೆ ದಿನಕ್ಕೆ 50 ರೂಪಾಯಿಯಂತೆ ತಡದ ಶುಲ್ಕ ಏರತೊಡಗುತ್ತದೆ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ.

ಇಷ್ಟನ್ನೂ ತಪ್ಪಿಸಬಹುದಾಗಿದ್ದುದು ಒಂದು ಇಮೇಲ್. ಹಳಬರು ಹೋಗಿ ಹೊಸಬರು ಬಂದಾಗ ಕಚೇರಿಯವರು ತಮ್ಮ ಕಕ್ಷಿದಾರರಿಗೆ ಕಳಿಸುವ ಪರಿಚಯ ಪತ್ರ. ಎಷ್ಟೋ ಕಚೇರಿಗಳು ಇದನ್ನು ಕಳಿಸುವುದೇ ಇಲ್ಲ. ಕಳಿಸುವವರಲ್ಲಿ ಹಲವರು ಬರೆಯುವುದು ಹೀಗಿರುತ್ತದೆ: ‘ನಮ್ಮ ಬೆಳೆಯುತ್ತಿರುವ ಕುಟುಂಬಕ್ಕೆ ಹೊಸ ಸದಸ್ಯರನ್ನು ಸ್ವಾಗತಿಸಲು ಹರ್ಷಿಸುತ್ತೇವೆ. ಉತ್ಸಾಹಿ, ಪ್ರತಿಭಾವಂತ ಹಾಗೂ ಪರಿಶ್ರಮಿಯಾದ ಇವರು ತಮ್ಮ ಅಪಾರ ಅನುಭವದೊಂದಿಗೆ ನಿಮಗೆ ಅತ್ಯುತ್ತಮ ಸೇವೆ ನೀಡಲಿದ್ದಾರೆ.’ ಕೆಳಗೆ ಒಂದು ಫೋಟೊ, ಒಂದು ಲೋಗೋ. ಓದಿ ಮುಗಿಸಿದ ಮೇಲೂ ಮಂಡಿ ವ್ಯಾಪಾರಿಗೆ ತನ್ನ ಬಿಲ್ಲುಗಳನ್ನು ಯಾರಿಗೆ ಕಳಿಸಬೇಕೆಂದು ತಿಳಿಯುವುದಿಲ್ಲ. ಮದುವೆ ಆರತಕ್ಷತೆಯಲ್ಲಿ ಹೇಳಿದರೆ ಒಪ್ಪುವ ಮಾತು ಇದು. ಪತ್ರ ಓದುವವರಿಗೆ ಬೇಕಾದ ಸಂಗತಿಗಳು ಬೇರೆಯೇ ಇವೆ. ನನ್ನ ಕೆಲಸ ಇನ್ನು ಯಾರ ಕೈಗೆ? ಅವರಿಗೆ ಅದು ಬರುತ್ತದೆಯೆ? ಸಿಗದಿದ್ದರೆ ಯಾರನ್ನು ಹಿಡಿಯಲಿ? ಇವರು ನಿಜವಾಗಿಯೂ ನಿಮ್ಮವರೇ ಎಂದು ನಂಬುವುದು ಹೇಗೆ? ಕೊನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನನ್ನ ಮಟ್ಟಿಗೆ ಇವತ್ತಿನ ಕಾಲದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ದಾವಣಗೆರೆಯಲ್ಲಿ ಒಂದು ಲೆಕ್ಕ ಪರಿಶೋಧಕರ ಕಚೇರಿ ಇದೆ ಎಂದುಕೊಳ್ಳಿ. ನೂರಿಪ್ಪತ್ತು ಕಕ್ಷಿದಾರರು, ಬಟ್ಟೆ ಅಂಗಡಿ, ಹಾರ್ಡ್‌ವೇರ್, ಒಂದೆರಡು ಅಕ್ಕಿ ಗಿರಣಿ. ಜಿಎಸ್‌ಟಿ ನೋಡುತ್ತಿದ್ದ ಮಂಜುನಾಥ ಆಗಸ್ಟ್ ಕೊನೆಗೆ ಕೆಲಸ ಬಿಡುತ್ತಾನೆ, ಅವನ ಜಾಗಕ್ಕೆ ಸುಮಾ ಬರುತ್ತಾಳೆ. ಹೆಸರುಗಳೂ ಕಚೇರಿಯೂ ಕಲ್ಪಿತ. ಪತ್ರವನ್ನು ಆಡಿಟರೇ ತಮ್ಮ ಹೆಸರಿನಲ್ಲಿ, ಕಕ್ಷಿದಾರರಿಗೆ ವರ್ಷಗಳಿಂದ ಪರಿಚಯವಿರುವ ತಮ್ಮ ವಿಳಾಸದಿಂದಲೇ ಬರೆಯುತ್ತಾರೆ:

ವಿಷಯ: ನಿಮ್ಮ ಜಿಎಸ್‌ಟಿ ಕೆಲಸ ಸೆಪ್ಟೆಂಬರ್ 1ರಿಂದ ಸುಮಾ ಅವರಿಗೆ

ನಮಸ್ಕಾರ,

ನಿಮ್ಮ ಜಿಎಸ್‌ಟಿ ರಿಟರ್ನ್ ನೋಡುತ್ತಿದ್ದ ಮಂಜುನಾಥ ಆಗಸ್ಟ್ 31ಕ್ಕೆ ನಮ್ಮ ಕಚೇರಿ ಬಿಡುತ್ತಿದ್ದಾರೆ. ಸೆಪ್ಟೆಂಬರ್ 1ರಿಂದ ಆ ಕೆಲಸವನ್ನು ಸುಮಾ ನೋಡುತ್ತಾರೆ. ಆಗಸ್ಟ್ ತಿಂಗಳ ಮಾರಾಟ, ಖರೀದಿ ಬಿಲ್ಲುಗಳನ್ನು ಸೆಪ್ಟೆಂಬರ್ 5ರ ಒಳಗೆ ಅವರಿಗೇ ಕಳಿಸಿ.

ಸುಮಾ ಬಿ.ಕಾಂ. ಓದಿದವರು. ಐದು ವರ್ಷ ಸಗಟು ಬಟ್ಟೆ ವ್ಯಾಪಾರದ ಲೆಕ್ಕ ಮತ್ತು ಜಿಎಸ್‌ಟಿ ನೋಡಿದ್ದಾರೆ. ರಿಟರ್ನ್ ಸಲ್ಲಿಸುವ ಮುಂಚೆ ಎಂದಿನಂತೆ ನಾನೂ ಒಮ್ಮೆ ನೋಡುತ್ತೇನೆ. ಆದಾಯ ತೆರಿಗೆ ಮತ್ತು ಇಲಾಖೆಯ ನೋಟಿಸುಗಳ ವಿಷಯಕ್ಕೆ ಮೊದಲಿನಂತೆ ನನಗೇ ಫೋನ್ ಮಾಡಿ.

ಬಿಲ್ಲು ಕಳಿಸಲು: gst@example.com
ಮಾತನಾಡಲು: ನಿಮ್ಮ ಬಳಿ ಈಗಾಗಲೇ ಇರುವ ಕಚೇರಿ ನಂಬರ್, ಬೆಳಿಗ್ಗೆ 10ರಿಂದ ಸಂಜೆ 6. ಸುಮಾ ಸಿಗದಿದ್ದರೆ ನನ್ನ ಮೊಬೈಲ್.

ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಪೋರ್ಟಲ್ ಪಾಸ್‌ವರ್ಡ್ ಕಳಿಸಿ ಎಂದು ನಮ್ಮಲ್ಲಿ ಯಾರೂ ಇಮೇಲಿನಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ಕೇಳುವುದಿಲ್ಲ. ರಿಟರ್ನ್ ಸಲ್ಲಿಸುವ ದಿನ ಓಟಿಪಿ ಬಂದರೆ, ನೀವೇ ಕಚೇರಿ ನಂಬರಿಗೆ ಫೋನ್ ಮಾಡಿ ತಿಳಿಸಿ. ಈ ಪತ್ರದ ಬಗ್ಗೆ ಅನುಮಾನವಿದ್ದರೂ ಅದೇ ನಂಬರಿಗೆ ಕೇಳಿ.

ಪತ್ರ ಇಷ್ಟೇ. ಫೋನಿನ ಪರದೆಯಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿದುಹೋಗುತ್ತದೆ. ಇದರಲ್ಲಿ ಏನಿದೆ, ಏನಿಲ್ಲ ಎಂಬುದಕ್ಕೆಲ್ಲ ಕಾರಣ ಉಂಟು.

ವಿಷಯದ ಸಾಲಿನಿಂದಲೇ ಶುರು ಮಾಡಬಹುದು. ಮೊಬೈಲಿನ ಇನ್‌ಬಾಕ್ಸಿನಲ್ಲಿ ಆ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ‘ಹೊಸ ಸದಸ್ಯರ ಪರಿಚಯ’ ಎಂದಿದ್ದರೆ ಅಂಗಡಿಯ ಗಲ್ಲಾದಲ್ಲಿ ಕೂತವರು ಇದೇನೋ ಜಾಹೀರಾತು ಎಂದು ಮುಂದೆ ತಳ್ಳುತ್ತಾರೆ. ‘ನಿಮ್ಮ ಜಿಎಸ್‌ಟಿ ಕೆಲಸ’ ಎಂದು ಆರಂಭವಾದರೆ ತೆರೆಯುತ್ತಾರೆ. ಜಿಎಸ್‌ಟಿ ಎಂಬ ಹೆಸರಿಗೆ ಅಷ್ಟು ಭಯ ನಮ್ಮ ಊರುಗಳಲ್ಲಿ ಇದ್ದೇ ಇದೆ.

ಮುಂದಿನದು ಹೊಣೆ. ‘ಸೀನಿಯರ್ ಎಕ್ಸಿಕ್ಯೂಟಿವ್, ಇನ್‌ಡೈರೆಕ್ಟ್ ಟ್ಯಾಕ್ಸಸ್’ ಎಂಬ ಪದವಿ ಕಚೇರಿಯ ಒಳಗಿನ ಏಣಿಗೆ ಸಂಬಂಧಿಸಿದ್ದು. ಹೊರಗಿನವರಿಗೆ ಬೇಕಾದ್ದು ಆಕೆ ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ ಎಂಬ ಗೆರೆ. ‘ಮಾಡುವುದಿಲ್ಲ’ ಎಂಬ ಅರ್ಧವನ್ನು ಎಲ್ಲರೂ ಮರೆಯುತ್ತಾರೆ. ಅದನ್ನು ಬರೆಯದಿದ್ದರೆ ಕಕ್ಷಿದಾರ ಆದಾಯ ತೆರಿಗೆ ನೋಟಿಸನ್ನೂ ಸುಮಾಳಿಗೇ ಕಳಿಸುತ್ತಾನೆ. ಆಕೆ ಹೊಸಬಳು, ಇಲ್ಲ ಎನ್ನಲು ಸಂಕೋಚ. ನೋಟಿಸು ಮೇಜಿನ ಮೇಲೆ ಕೂರುತ್ತದೆ, ಉತ್ತರಿಸಬೇಕಾದ ದಿನ ಸದ್ದಿಲ್ಲದೆ ಕಳೆಯುತ್ತದೆ. ಪರಿಚಯ ಪತ್ರ ಬರೆದವರು ಇದನ್ನು ಆಮೇಲೆ ‘ಸಂವಹನದ ಕೊರತೆ’ ಎಂದು ಕರೆಯುತ್ತಾರೆ.

ಇದರ ಜೊತೆಗೇ ‘ಎಂದಿನಂತೆ ನಾನೂ ಒಮ್ಮೆ ನೋಡುತ್ತೇನೆ’ ಎಂಬ ಸಾಲಿದೆ. ಹೊಸಬರ ಪರಿಚಯ ಓದಿದ ಹಳೆಯ ಕಕ್ಷಿದಾರರ ಮನಸ್ಸಿನಲ್ಲಿ ಮೊದಲು ಏಳುವ ಅಳುಕು, ‘ನನ್ನನ್ನು ಚಿಕ್ಕವರ ಕೈಗೆ ತಳ್ಳಿಬಿಟ್ಟರಲ್ಲ’ ಎಂಬುದು. ಎಷ್ಟು ಹೊಗಳಿಕೆ ತುಂಬಿದರೂ ಅದು ಹೋಗುವುದಿಲ್ಲ. ಹೊಗಳಿಕೆ ಹೆಚ್ಚಾದಷ್ಟೂ ಅನುಮಾನವೂ ಹೆಚ್ಚು. ಯಜಮಾನರ ಕಣ್ಣು ಎಲ್ಲಿ ಬೀಳುತ್ತದೆ ಎಂದು ಒಂದು ಸಾಲಿನಲ್ಲಿ ಹೇಳಿದರೆ ಹೋಗುತ್ತದೆ. ಆದರೆ ಆ ಸಾಲು ನಿಜವಾಗಿರಬೇಕು. ನೂರಿಪ್ಪತ್ತು ರಿಟರ್ನುಗಳನ್ನು ತಾವೇ ನೋಡಲು ಆಗದವರು ‘ಇಂಥ ಮೊತ್ತಕ್ಕಿಂತ ಹೆಚ್ಚಿನ ಕ್ರೆಡಿಟ್ ಇದ್ದರೆ ನಾನು ನೋಡುತ್ತೇನೆ’ ಎಂದು ಇದ್ದುದನ್ನೇ ಬರೆಯಲಿ.

ಅನುಭವಕ್ಕೆ ನಾನು ಕೊಡುವ ಜಾಗ ಎರಡು ವಾಕ್ಯ. ಪ್ರತಿ ತಿಂಗಳ 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಬರುತ್ತದೆ. ನಿಮಗೆ ಮಾಲು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ನಿಮ್ಮ ಖರೀದಿ ಪುಸ್ತಕದ ಜೊತೆ ಅದನ್ನು ತಾಳೆ ನೋಡಿ, ಬಾರದ ಬಿಲ್ಲುಗಳನ್ನು ಗುರುತಿಸಿ, ಮಾರಿದವರ ಬೆನ್ನು ಹತ್ತಬೇಕು. 14ರಿಂದ 20ರ ನಡುವಿನ ಆ ಆರು ದಿನಗಳೇ ಈ ಕೆಲಸದ ಜೀವಾಳ. ಸಗಟು ಬಟ್ಟೆ ವ್ಯಾಪಾರದಲ್ಲಿ ಸೂರತ್, ಇಚಲಕರಂಜಿ ಕಡೆಯ ಬಿಲ್ಲುಗಳನ್ನು ಐದು ವರ್ಷ ಹೀಗೆ ಬೆನ್ನಟ್ಟಿದವರು ಎಂದರೆ ಬಟ್ಟೆ ಅಂಗಡಿಯವರಿಗೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ. ಅಕ್ಕಿ ಗಿರಣಿಯವರಿಗೆ ಬರೆಯುವಾಗ ಈ ವಾಕ್ಯ ಬದಲಾಗಬೇಕು. ಆಕೆಗೆ ಗಿರಣಿಯ ಲೆಕ್ಕ ಗೊತ್ತಿಲ್ಲದಿದ್ದರೆ, ಮೊದಲ ಎರಡು ತಿಂಗಳು ಇನ್ನೊಬ್ಬರು ಜೊತೆಗಿರುತ್ತಾರೆ ಎಂದು ಹೇಳುವುದೇ ಸರಿ.

ಆಕೆ ಈ ಮುಂಚೆ ಯಾರ ಅಂಗಡಿಯ ಲೆಕ್ಕ ಬರೆಯುತ್ತಿದ್ದಳು ಎಂದು ಹೆಸರು ಹಾಕಬಾರದು. ಒಂದೇ ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಪೈಪೋಟಿ. ಎದುರಂಗಡಿಯ ಲೆಕ್ಕ ನೋಡಿದವಳು ಎಂದು ತಿಳಿದರೆ ಒಬ್ಬನಿಗೆ ಕುತೂಹಲ, ಇನ್ನೊಬ್ಬನಿಗೆ ದಿಗಿಲು. ಪದವಿಯ ಬಗ್ಗೆಯೂ ಎಚ್ಚರ ಬೇಕು. ಚಾರ್ಟರ್ಡ್ ಅಕೌಂಟೆನ್ಸಿಯ ಮಧ್ಯದ ಹಂತ ಮುಗಿಸಿದವರನ್ನು ‘ನಮ್ಮ ಹೊಸ ಸಿಎ’ ಎಂದು ಪರಿಚಯಿಸುವಂತಿಲ್ಲ. ಸಂಸ್ಥೆಯ ಸದಸ್ಯತ್ವ ಪಡೆದವರಿಗಷ್ಟೇ ಆ ಹೆಸರು. ಇನ್ನೊಂದು ಕಟ್ಟಳೆ ಈ ವೃತ್ತಿಯಲ್ಲಿದೆ: 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ ಸುತ್ತೋಲೆ, ಜಾಹೀರಾತುಗಳ ಮೂಲಕ ಕೆಲಸ ಕೇಳುವುದು ವೃತ್ತಿ ದುರ್ನಡತೆ. ಹಾಗಾಗಿ ಈ ಪರಿಚಯ ಪತ್ರ ಈಗಿರುವ ಕಕ್ಷಿದಾರರಿಗಷ್ಟೇ ಹೋಗಬೇಕು. ಮೂರು ವರ್ಷದ ಹಿಂದೆ ವಿಚಾರಿಸಿ ಹೋದವರ ವಿಳಾಸಗಳನ್ನೂ ಸೇರಿಸಿಬಿಟ್ಟರೆ ಅದೇ ಪತ್ರ ಸುತ್ತೋಲೆಯ ಬಣ್ಣ ತಳೆಯುತ್ತದೆ.

ಸಂಪರ್ಕದ ಸಾಲುಗಳಲ್ಲಿ ಸುಮಾಳ ಸ್ವಂತ ಮೊಬೈಲ್ ನಂಬರ್ ಇಲ್ಲದಿರುವುದನ್ನು ಗಮನಿಸಿರಬಹುದು. ಇಮೇಲ್ ವಿಳಾಸವೂ ಆಕೆಯ ಹೆಸರಿನದಲ್ಲ, ಕೆಲಸದ ಹೆಸರಿನದು. ಮಂಜುನಾಥ ಹೋದಾಗ ಆದ ಗೋಜಲಿನ ಮೂಲ ಇಲ್ಲೇ ಇತ್ತು. ಕಕ್ಷಿದಾರರು ವರ್ಷಗಟ್ಟಲೆ ಬಿಲ್ಲುಗಳನ್ನು ಅವನ ಸ್ವಂತ ವಾಟ್ಸ್‌ಆ್ಯಪ್‌ಗೆ ಕಳಿಸಿದ್ದರು, ಅವನ ಜೊತೆಗೇ ಅವೆಲ್ಲ ಹೊರಟುಹೋದವು. ಕೆಲಸದ ಹೆಸರಿನ ವಿಳಾಸವಾದರೆ ಇಬ್ಬರು ಅದನ್ನು ತೆರೆದು ನೋಡಬಹುದು. ಸುಮಾ ರಜೆ ಹಾಕಿದ ದಿನವೂ ಬಿಲ್ಲು ಯಾರದೋ ಕಣ್ಣಿಗೆ ಬೀಳುತ್ತದೆ, ಆಕೆಯೂ ಮುಂದೊಂದು ದಿನ ಬಿಟ್ಟರೆ ವಿಳಾಸ ಬದಲಿಸುವ ಪ್ರಮೇಯ ಇಲ್ಲ. ಹೊಸಬಳ ಖಾಸಗಿ ನಂಬರನ್ನು ನೂರಿಪ್ಪತ್ತು ಅಪರಿಚಿತರಿಗೆ ಹಂಚದಿರುವುದು ಆಕೆಯ ದೃಷ್ಟಿಯಿಂದಲೂ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಇ-ವೇ ಬಿಲ್ ಕೇಳುವ ಸಾಹುಕಾರರು ಎಲ್ಲ ಊರಲ್ಲೂ ಇದ್ದಾರೆ.

ಈಗ ಆ ಬಾಯಿಬಿಡದ ಪ್ರಶ್ನೆ. ‘ನಾನು ನಿಮ್ಮ ಆಡಿಟರ್ ಆಫೀಸಿಗೆ ಹೊಸದಾಗಿ ಸೇರಿದ್ದೇನೆ, ಇನ್ನು ಮೇಲೆ ನಿಮ್ಮ ಕೆಲಸ ನಾನೇ ನೋಡುವುದು, ಫೀಸನ್ನು ಈ ಹೊಸ ಖಾತೆಗೆ ಹಾಕಿ’ ಎಂಬ ಇಮೇಲ್ ಯಾರು ಬೇಕಾದರೂ ಬರೆಯಬಹುದು. ಕಂಪನಿಗಳ ನಡುವಿನ ಪತ್ರವ್ಯವಹಾರದೊಳಗೆ ನುಸುಳಿ ಹಣದ ದಾರಿ ತಿರುಗಿಸುವ ವಂಚಕರು ಬಳಸುವ ವೇಷಗಳಲ್ಲಿ ಇದೂ ಒಂದು: ಹೊಸ ಮುಖ, ಹೊಸ ನಂಬರ್, ಸ್ವಲ್ಪ ಅವಸರ. ಅಕ್ಷರವೊಂದನ್ನು ಆಚೀಚೆ ಮಾಡಿದ ವಿಳಾಸ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಏಕೆಂದರೆ ಅಲ್ಲಿ ಹೆಸರು ಮಾತ್ರ ತೋರುತ್ತದೆ, ವಿಳಾಸ ನೋಡಲು ಹೆಸರಿನ ಮೇಲೆ ಒತ್ತಬೇಕು. ಆದ್ದರಿಂದ ಪರಿಚಯವನ್ನು ಹೊಸಬರೇ ತಮ್ಮ ಹೊಸ ವಿಳಾಸದಿಂದ ಮಾಡಿಕೊಳ್ಳುವುದು ತಪ್ಪು ಕ್ರಮ. ಗೊತ್ತಿರುವವರು, ಗೊತ್ತಿರುವ ವಿಳಾಸದಿಂದ ಪರಿಚಯಿಸಬೇಕು. ಹೊಸಬರ ಮೊದಲ ಇಮೇಲ್ ಅದಾದ ಮೇಲೆ ಬರಲಿ.

ಕಚೇರಿ ನಂಬರನ್ನು ಪತ್ರದಲ್ಲಿ ಅಂಕಿಗಳಲ್ಲಿ ಬರೆಯದೆ ‘ನಿಮ್ಮ ಬಳಿ ಈಗಾಗಲೇ ಇರುವ’ ಎಂದದ್ದು ಇದಕ್ಕೇ. ಅನುಮಾನದ ಪತ್ರದಲ್ಲಿರುವ ನಂಬರಿಗೇ ಫೋನ್ ಮಾಡಿ ವಿಚಾರಿಸಿದರೆ ಉತ್ತರ ಕೊಡುವವನು ವಂಚಕನೇ. ಹಳೆಯ ಬಿಲ್ಲಿನ ಮೇಲೋ ಫೋನಿನಲ್ಲೋ ಇರುವ ನಂಬರಿಗೆ ಮಾಡಿದರೆ ಮಾತ್ರ ಪರೀಕ್ಷೆ ಆದಂತೆ. ಕೆಲವರಿಗೆ ಇದು ಅತಿಯಾಯಿತು ಎನ್ನಿಸಬಹುದು, ‘ನಂಬರ್ ಹಾಕಿದ್ದರೆ ಏನಾಗುತ್ತಿತ್ತು’ ಎಂದು ಒಂದಿಬ್ಬರು ಗೊಣಗಲೂಬಹುದು. ಗೊಣಗಲಿ. ಹಣ ಹೋಗಿಯೇಬಿಟ್ಟರೆ 1930ಕ್ಕೆ ಆದಷ್ಟು ಬೇಗ ಫೋನ್ ಮಾಡುವುದು, cybercrime.gov.in ತಾಣದಲ್ಲಿ ದೂರು ದಾಖಲಿಸುವುದು ಉಳಿದ ದಾರಿ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಓಟಿಪಿಯ ಸಾಲಿಗೆ ಒಂದು ಹಿನ್ನೆಲೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ವ್ಯಾಪಾರಿಗಳ ರಿಟರ್ನ್ ಬಹುಪಾಲು ಓಟಿಪಿಯಿಂದ ಸಲ್ಲಿಕೆಯಾಗುತ್ತದೆ. ಅದು ಬರುವುದು ಜಿಎಸ್‌ಟಿ ನೋಂದಣಿಯಲ್ಲಿ ಅಧಿಕೃತ ಸಹಿದಾರರು ಎಂದು ತೋರಿಸಿದವರ ಮೊಬೈಲಿಗೆ, ಇಮೇಲಿಗೆ. 2017ರಲ್ಲಿ ಜಿಎಸ್‌ಟಿ ಬಂದಾಗಿನ ಗಡಿಬಿಡಿಯಲ್ಲಿ ಎಷ್ಟೋ ಅಂಗಡಿಗಳ ನೋಂದಣಿಗೆ ‘ಸುಮ್ಮನೆ ನಿಮ್ಮ ನಂಬರೇ ಹಾಕಿಬಿಡಿ’ ಎಂದು ಲೆಕ್ಕದವರ ನಂಬರ್ ಕೊಟ್ಟದ್ದುಂಟು. ಆಗ ಅದು ಅನುಕೂಲವಾಗಿಯೇ ಇತ್ತು. ಈಗ ಮಂಜುನಾಥ ಹೋಗುವಾಗ ನೂರಿಪ್ಪತ್ತರಲ್ಲಿ ಹತ್ತು ಅಂಗಡಿಗಳ ಬೀಗದ ಕೈ ಅವನ ಜೇಬಿನಲ್ಲಿಯೇ ಹೋಗುತ್ತದೆ. ಇದನ್ನು ಪತ್ರದಿಂದ ಸರಿಪಡಿಸಲಾಗದು. ಪತ್ರ ಕಳಿಸುವ ಮುಂಚೆ, ಅವನು ಇನ್ನೂ ಕಚೇರಿಯಲ್ಲಿರುವಾಗಲೇ, ಪೋರ್ಟಲ್ ತೆರೆದು ಆ ಹತ್ತರಲ್ಲಿ ನಂಬರ್ ಮತ್ತು ಇಮೇಲನ್ನು ವ್ಯಾಪಾರಿಯ ಹೆಸರಿಗೆ ಬದಲಿಸಬೇಕು. ಬದಲಿಸುವಾಗಲೂ ಓಟಿಪಿ ಕೇಳುತ್ತದೆ. ಅವನು ಹೋದಮೇಲೆ ಪಾಸ್‌ವರ್ಡೂ ಸಿಗದಿದ್ದರೆ ವ್ಯಾಪಾರಿ ದಾಖಲೆ ಹಿಡಿದುಕೊಂಡು ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಬೇಕಾಗುತ್ತದೆ. ಆಗುವ ಕೆಲಸವೇ, ಆದರೆ ಓಡಾಟ.

ಯಾವಾಗ ಕಳಿಸಬೇಕು? ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರಕ್ಕೆ 11, ತೆರಿಗೆ ಕಟ್ಟುವ ರಿಟರ್ನ್‌ಗೆ 20. ಮೂರು ತಿಂಗಳಿಗೊಮ್ಮೆ ಹಾಕುವ ಸಣ್ಣವರಿಗೆ ಕರ್ನಾಟಕದಲ್ಲಿ 22. ಈ ತಾರೀಖುಗಳ ಒಳಗೆ ಕಳಿಸಿದ ಪತ್ರವನ್ನು ಯಾರೂ ಓದುವುದಿಲ್ಲ, ಓದಿದರೂ ಆ ಗದ್ದಲದಲ್ಲಿ ಹೊಸಬರನ್ನು ನಂಬುವುದಿಲ್ಲ. 24, 25ರ ಹೊತ್ತಿಗೆ ಪೇಟೆ ಒಂದಿಷ್ಟು ಉಸಿರಾಡುತ್ತದೆ. ಆಗಸ್ಟ್ 25ಕ್ಕೆ ಪತ್ರ ಹೋದರೆ ಮಂಜುನಾಥ ಇನ್ನೂ ಆರು ದಿನ ಇರುತ್ತಾನೆ; ಆ ದಿನಗಳಲ್ಲಿ ಬಂದ ಫೋನುಗಳಿಗೆ ಇಬ್ಬರೂ ಸೇರಿ ಉತ್ತರಿಸಬಹುದು. ಪತ್ರದಲ್ಲಿ ಅವನ ಹೆಸರು ಹೇಳಿ, ಎಂದು ಬಿಡುತ್ತಾನೆ ಎಂದೂ ಹೇಳಿರುವುದರಿಂದ ‘ಏನಾಯ್ತಂತೆ, ಜಗಳವಂತೆಯಾ’ ಎಂಬ ಗುಸುಗುಸುವಿಗೂ ಅವಕಾಶ ಕಡಿಮೆ. ಏಕೆ ಬಿಟ್ಟ ಎಂಬುದು ಮಾತ್ರ ಅವನ ಸ್ವಂತ ವಿಚಾರ, ಅದಕ್ಕೆ ಪತ್ರದಲ್ಲಿ ಜಾಗವಿಲ್ಲ.

ಕಳಿಸುವ ಕ್ರಮದಲ್ಲೂ ಎಡವುವವರಿದ್ದಾರೆ. ನೂರಿಪ್ಪತ್ತು ವಿಳಾಸಗಳನ್ನೂ ‘ಟು’ ಎಂಬಲ್ಲಿ ಸುರಿದರೆ ಪ್ರತಿಯೊಬ್ಬರಿಗೂ ಉಳಿದವರೆಲ್ಲರ ವಿಳಾಸ ಸಿಕ್ಕಿತು, ಈ ಆಡಿಟರ್ ಹತ್ತಿರ ಯಾರ‍್ಯಾರು ಹೋಗುತ್ತಾರೆ ಎಂಬ ಪಟ್ಟಿಯೂ ಬಯಲಾಯಿತು. ಒಬ್ಬರು ‘ಎಲ್ಲರಿಗೂ ಉತ್ತರಿಸಿ’ ಒತ್ತಿ ತಮ್ಮ ಬಾಕಿ ತೆರಿಗೆಯ ಬಗ್ಗೆ ಕೇಳಿದರೆ ಅದೂ ಪೇಟೆಗೆಲ್ಲ ಗೊತ್ತಾಯಿತು. ಬಿಸಿಸಿಯಲ್ಲಿ ಹಾಕಿದರೆ ವಿಳಾಸಗಳು ಅಡಗುತ್ತವೆ, ಆದರೆ ಹೆಸರು ಹಿಡಿದು ನಮಸ್ಕಾರ ಹೇಳಲಾಗುವುದಿಲ್ಲ. ವರ್ಡ್ ಮತ್ತು ಎಕ್ಸೆಲ್ ಬಲ್ಲವರು ಮೇಲ್ ಮರ್ಜ್ ಮಾಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಕಳಿಸುತ್ತಾರೆ. ಅಲ್ಲಿನ ಅಪಾಯ ಬೇರೆ: ಎಕ್ಸೆಲ್‌ನಲ್ಲಿ ಹೆಸರಿನ ಕಂಬವನ್ನು ಮಾತ್ರ ಅಕ್ಷರಾನುಕ್ರಮಕ್ಕೆ ತಂದು ವಿಳಾಸದ ಕಂಬವನ್ನು ಹಾಗೇ ಬಿಟ್ಟರೆ ಗಿರಣಿಯವರ ಹೆಸರಿನ ಪತ್ರ ಬಟ್ಟೆ ಅಂಗಡಿಗೆ ಹೋಗುತ್ತದೆ. ಪಟ್ಟಿಯ ಮೊದಲ, ನಡುವಿನ ಮತ್ತು ಕೊನೆಯ ಸಾಲುಗಳನ್ನು ಹಳೆಯ ಬಿಲ್ಲಿನ ಜೊತೆ ಹೋಲಿಸಿ, ಆಮೇಲೆ ಒತ್ತುವುದು ಕ್ಷೇಮ. ಇಮೇಲ್ ನೋಡದ ಕಕ್ಷಿದಾರರಿಗೆ ಯಜಮಾನರು ತಮ್ಮದೇ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಹಾಕಲಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಗ್ರೂಪ್ ಮಾಡಿದರೆ ಮತ್ತೆ ಅದೇ ಕಥೆ.

ಕಳಿಸಿದ ಮೇಲೆ ಕೆಲವು ಪತ್ರಗಳು ‘ವಿಳಾಸ ಸಿಗಲಿಲ್ಲ’ ಎಂದು ವಾಪಸ್ ಬರುತ್ತವೆ. ಸಾಮಾನ್ಯವಾಗಿ ಇವನ್ನು ಅಳಿಸಿಬಿಡುತ್ತಾರೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅದೇ ವಿಳಾಸ ಜಿಎಸ್‌ಟಿ ಪೋರ್ಟಲ್‌ನಲ್ಲೂ ಇದೆಯೇ ಎಂದು ನೋಡಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಕಲಂ ಪ್ರಕಾರ, ನೋಂದಣಿ ವೇಳೆ ಕೊಟ್ಟ ಇಮೇಲಿಗೆ ಕಳಿಸುವುದೂ ನೋಟಿಸು ಜಾರಿ ಮಾಡುವ ವಿಧಾನಗಳಲ್ಲಿ ಒಂದು. ಸುಮಾಳ ಪರಿಚಯ ಪತ್ರ ತಲುಪದ ವಿಳಾಸಕ್ಕೆ ಇಲಾಖೆಯ ಪತ್ರವೂ ತಲುಪುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಆಕೆ ಮಾಡಬೇಕಾದ ಮೊದಲ ಫೋನ್‌ಗಳು ಆ ಹಾಳೆಯಲ್ಲಿರುವವರಿಗೆ.